ತಡವಾದ ವರದಿಗೆ ಕೊಟ್ಟಿದ್ದ ಕಾರಣ ಸರಿಯಿರಲಿಲ್ಲ: ಮೇಡಂಗೆ ಬರೆದ ತಿದ್ದುಪಡಿಯ ಕಥೆ

“ಎಣಿಕೆ ಪಟ್ಟಿ ಗೋಡೌನ್‌ನಿಂದ ಇವತ್ತು ಬೆಳಿಗ್ಗೆ 11:40ಕ್ಕೆ ಬಂತು. ಹಾಗಾಗಿ ವರದಿ ತಡವಾಯಿತು.”

ಮಂಗಳವಾರ ಸಂಜೆ ನಮ್ಮ ಮೇಡಂ ಕೇಳಿದ ಪ್ರಶ್ನೆಗೆ ನಾನು ಬರೆದ ಉತ್ತರ ಇಷ್ಟೇ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ನನ್ನ ಇನ್‌ಬಾಕ್ಸ್‌ನಲ್ಲಿ ಆ ಪಟ್ಟಿಯ ಮೇಲ್ ಕಂಡಿದ್ದೇ 11:40ಕ್ಕೆ. ಕಂಡದ್ದನ್ನು ಬರೆದೆ. ಆದರೆ ‘ಕಂಡಿತು’ ಅನ್ನುವ ಕಡೆ ‘ಬಂತು’ ಅಂತ ಬರೆದಿದ್ದೆ. ಗುರುವಾರ ಸಂಜೆಯ ಹೊತ್ತಿಗೆ ಆ ಎರಡರ ನಡುವೆ ಎಷ್ಟು ಅಂತರ ಇತ್ತು ಅನ್ನೋದು ಗೊತ್ತಾಯಿತು.

ಕೆಲಸದ ಹಿನ್ನೆಲೆ ಸ್ವಲ್ಪ ಹೇಳಬೇಕು. ಪ್ರತಿ ಸೋಮವಾರ ಗೋಡೌನ್‌ನಲ್ಲಿ ಸಾಮಾನುಗಳನ್ನು ಎಣಿಸುತ್ತಾರೆ. ಸಂಜೆ 5ರ ಒಳಗೆ ಆ ಪಟ್ಟಿ ನನಗೆ ಬರಬೇಕು. ನಾನು ಅದನ್ನು ಕಂಪ್ಯೂಟರ್‌ನಲ್ಲಿರುವ ಲೆಕ್ಕದ ಜೊತೆ ತಾಳೆ ನೋಡಿ, ಮಂಗಳವಾರ ಮಧ್ಯಾಹ್ನ 12ರ ಒಳಗೆ ಸ್ಟಾಕ್ ವರದಿ ಕಳಿಸಬೇಕು. ಅದನ್ನು ಇಟ್ಟುಕೊಂಡು ಖರೀದಿ ವಿಭಾಗದವರು ಅವತ್ತೇ 3 ಗಂಟೆಗೆ ಆರ್ಡರ್ ಹಾಕುತ್ತಾರೆ. ಆ ವಾರ ನನ್ನ ವರದಿ ಹೋಗಿದ್ದು ಸಂಜೆ 4:15ಕ್ಕೆ. ಖರೀದಿಯವರು ಹಿಂದಿನ ವಾರದ ಅಂಕಿ ನೋಡಿ ಅಂದಾಜಿನ ಮೇಲೆ ಆರ್ಡರ್ ಹಾಕಿದ್ದರು. ಮೇಡಂ ಕಾರಣ ಕೇಳಿದ ಮೇಲ್‌ನಲ್ಲಿ ಗೋಡೌನ್ ಮುಖ್ಯಸ್ಥರೂ ಖರೀದಿ ಮುಖ್ಯಸ್ಥರೂ ಇದ್ದರು. ನನ್ನ ಉತ್ತರವೂ ಅವರೆಲ್ಲರಿಗೂ ಹೋಯಿತು. ಪಟ್ಟಿ ಕಳಿಸುವ ಸಹೋದ್ಯೋಗಿ ಮಾತ್ರ ಆ ಮೇಲ್‌ನಲ್ಲಿ ಇರಲಿಲ್ಲ. ಅವರ ಬಗ್ಗೆ ನಾನು ಹೇಳಿದ್ದು ಅವರಿಗೇ ಕಾಣುತ್ತಿರಲಿಲ್ಲ.

ಗುರುವಾರ ಒಂದು ಸಾಮಾನಿನ ಹೆಸರು ಹಾಕಿ ಮೇಲ್‌ನಲ್ಲಿ ಹುಡುಕುತ್ತಿದ್ದೆ. ಅದೇ ಎಣಿಕೆ ಪಟ್ಟಿ ಎರಡು ಕಡೆ ಸಿಕ್ಕಿತು. ಒಂದು ನನಗೆ ಗೊತ್ತಿದ್ದ ಮಂಗಳವಾರದ ಮೇಲ್. ಇನ್ನೊಂದು ಸೋಮವಾರ ಸಂಜೆಯದು, ನಾನು ವಾರಕ್ಕೊಮ್ಮೆಯೂ ತೆರೆಯದ ಒಂದು ಫೋಲ್ಡರ್‌ನಲ್ಲಿತ್ತು. `noreply` ಅನ್ನುವ ವಿಳಾಸದಿಂದ ಬರುವ ಮೇಲ್‌ಗಳೆಲ್ಲ ತಾವಾಗಿಯೇ ಆ ಫೋಲ್ಡರ್‌ಗೆ ಹೋಗುವ ಹಾಗೆ ನಾನು ಯಾವಾಗಲೋ ಒಂದು ರೂಲ್ ಹಾಕಿಟ್ಟಿದ್ದೆ. ಆ ವಾರ ಗೋಡೌನ್‌ನವರು ಪಟ್ಟಿಯನ್ನು ತಮ್ಮ ಸ್ವಂತ ವಿಳಾಸದ ಬದಲು ಸ್ಟಾಕ್ ಸಾಫ್ಟ್‌ವೇರ್‌ನಿಂದಲೇ ನೇರವಾಗಿ ಕಳಿಸಿದ್ದರು. ಅದು ಹೋಗೋದು `noreply` ಹೆಸರಿನಲ್ಲಿ. ಪಟ್ಟಿ ಇನ್‌ಬಾಕ್ಸ್ ಮುಟ್ಟಲೇ ಇಲ್ಲ.

ಹಾಗಾದರೆ ಮಂಗಳವಾರದ ಮೇಲ್ ಎಲ್ಲಿಂದ ಬಂತು? ಅವತ್ತು ಬೆಳಿಗ್ಗೆ 11:30ರ ಸುಮಾರಿಗೆ ನಾನೇ ಫೋನ್ ಮಾಡಿ ಪಟ್ಟಿ ಇನ್ನೂ ಬಂದಿಲ್ಲ ಅಂದಿದ್ದೆ. ಆ ಕಡೆ ಲಾರಿಗೆ ಲೋಡ್ ಆಗುತ್ತಿತ್ತು, ಗದ್ದಲ. “ಸರಿ, ಕಳಿಸ್ತೀನಿ” ಅಂದು ಫೋನ್ ಇಟ್ಟರು. ಹತ್ತು ನಿಮಿಷದಲ್ಲಿ ತಮ್ಮ ವಿಳಾಸದಿಂದ ಕಳಿಸಿದರು. ನಿನ್ನೆಯೇ ಕಳಿಸಿದ್ದೆ ಅಂತ ವಾದ ಮಾಡುವ ಪುರುಸೊತ್ತು ಅವರಿಗಿರಲಿಲ್ಲ.

ಇದು ಗೊತ್ತಾದ ತಕ್ಷಣ ಮೇಡಂಗೆ ಬರೆದುಬಿಡಬೇಕು ಅನ್ನಿಸಿತು. ಆದರೆ ಅವತ್ತು ರಾತ್ರಿ ಬರೆಯಲಿಲ್ಲ. ಮೊದಲ ಸಲ ಕಂಡದ್ದನ್ನಷ್ಟೇ ನೋಡಿ ಬರೆದಿದ್ದಕ್ಕೇ ಇಷ್ಟೆಲ್ಲ ಆಗಿತ್ತು. ತಿದ್ದುಪಡಿಯನ್ನೂ ಹಾಗೇ ಬರೆದು, ಅದಕ್ಕೆ ಇನ್ನೊಂದು ತಿದ್ದುಪಡಿ ಬರೆಯಬೇಕಾಗಿ ಬಂದರೆ? ಆಮೇಲೆ ನನ್ನ ಮಾತನ್ನು ಯಾರೂ ನಂಬುವ ಹಾಗಿರುವುದಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಮೊದಲು ಪರಿಶೀಲನೆಗೆ ಕೂತೆ.

ಮೊದಲನೆಯದು, ಎರಡೂ ಪಟ್ಟಿ ಒಂದೇನಾ ಅನ್ನೋದು. ಇದು ಮುಖ್ಯ. ಸೋಮವಾರದ್ದು ಅರ್ಧಂಬರ್ಧ ಪಟ್ಟಿಯಾಗಿದ್ದು, ಮಂಗಳವಾರದ್ದು ಪೂರ್ತಿ ಪಟ್ಟಿಯಾಗಿದ್ದರೆ ನನ್ನ ಹಳೆಯ ಮಾತು ಪೂರ್ತಿ ತಪ್ಪಾಗುತ್ತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ತೆರೆದೆ. ಸಾಲುಗಳ ಸಂಖ್ಯೆ, ಕೊನೆಯ ಮೊತ್ತ ಎರಡೂ ಒಂದೇ. ಸಾಲು ಸಾಲಾಗಿ ಒಂದರಿಂದ ಇನ್ನೊಂದನ್ನು ಕಳೆದು ನೋಡಿದೆ. ಎಲ್ಲ ಕಡೆ ಸೊನ್ನೆ. ಅದೇ ಪಟ್ಟಿ ಎರಡು ಸಲ ಬಂದಿತ್ತು.

ಎರಡನೆಯದು, ಸೋಮವಾರದ ಮೇಲ್ ನಿಜವಾಗಿ ಸೋಮವಾರವೇ ತಲುಪಿತ್ತಾ ಅನ್ನೋದು. ಮೇಲ್‌ನಲ್ಲಿ ನಮಗೆ ಕಾಣುವ ಸಮಯ ಎಲ್ಲ ಸಲವೂ ತಲುಪಿದ ಸಮಯವಲ್ಲ. `Date:` ಅನ್ನುವ ಸಾಲನ್ನು ಕಳಿಸುವವರ ಕಡೆಯ ಯಂತ್ರ ಬರೆಯುತ್ತದೆ. ಅಲ್ಲಿಯ ಗಡಿಯಾರ ತಪ್ಪಿದ್ದರೆ ಅದೂ ತಪ್ಪು. ಮೇಲ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡು ಮರುದಿನ ಬಂದಿದ್ದರೂ ಆ ಸಾಲು ಬದಲಾಗುವುದಿಲ್ಲ. ತಲುಪಿದ್ದು ಯಾವಾಗ ಅಂತ ತಿಳಿಯಲು ಮೇಲ್‌ನ ಪೂರ್ತಿ ಹೆಡರ್ ತೆರೆಯಬೇಕು. ಅಲ್ಲಿ `Received:` ಅಂತ ಶುರುವಾಗುವ ಸಾಲುಗಳಿರುತ್ತವೆ. ಮೇಲ್ ದಾಟಿ ಬಂದ ಒಂದೊಂದು ಸರ್ವರ್ ಕೂಡ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಕೆಳಗಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಮೇಲಿನ ಸಾಲನ್ನು ಬರೆದಿದ್ದು ನಮ್ಮದೇ ಸರ್ವರ್. ನಂಬಬೇಕಾದ್ದು ಅದನ್ನು. ಸಮಯದ ಕೊನೆಯಲ್ಲಿ `+0000` ಅಂತ ಇದ್ದರೆ ಅದು ಯುಟಿಸಿ ಸಮಯ, ನಮ್ಮ ಗಡಿಯಾರಕ್ಕೆ ಹೊಂದಿಸಿಕೊಂಡು ಓದಬೇಕು. ಅವಸರದಲ್ಲಿ ಇದನ್ನು ಮರೆಯುವುದು ಸುಲಭ. ಹೊಂದಿಸಿ ನೋಡಿದಾಗ ನಮ್ಮ ಸರ್ವರ್‌ಗೆ ಮೇಲ್ ಸಿಕ್ಕಿದ್ದು ಸೋಮವಾರ ಸಂಜೆ 4:22. ಗಡುವಿಗೆ ಇನ್ನೂ ಅರ್ಧ ಗಂಟೆಗಿಂತ ಜಾಸ್ತಿ ಇತ್ತು.

ಮೂರನೆಯದು, ನಾನು ಕೊಟ್ಟ ಕಾರಣ ಎಲ್ಲೆಲ್ಲಿಗೆ ಹೋಗಿ ಏನೇನು ಮಾಡಿತು ಅನ್ನೋದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ತೂಕದ ಭಾಗ ಇದು. ಒಂದು ಕಾರಣ ಕೊಟ್ಟ ಮೇಲೆ ಅದು ಮೇಲ್‌ನಲ್ಲೇ ಸುಮ್ನೆ ಕೂತಿರುವುದಿಲ್ಲ. ಬುಧವಾರದ ಮೀಟಿಂಗ್‌ನ ನಡಾವಳಿ ತೆಗೆದು ನೋಡಿದೆ. “ಎಣಿಕೆ ಪಟ್ಟಿ ತಡವಾಗಿ ಬಂದ ಕಾರಣ ಸ್ಟಾಕ್ ವರದಿ ವಿಳಂಬ. ಮುಂದಿನ ಸೋಮವಾರದಿಂದ ಪಟ್ಟಿಯ ಗಡುವು ಮಧ್ಯಾಹ್ನ 2 ಗಂಟೆ” ಅಂತ ಇತ್ತು. ಎರಡು ಸಾಲಿನ ನನ್ನ ಉತ್ತರದಿಂದ ಗೋಡೌನ್‌ನವರ ಸೋಮವಾರ ಮೂರು ಗಂಟೆ ಕಡಿಮೆಯಾಗಿತ್ತು. 2ರ ಒಳಗೆ ಎಣಿಕೆ ಮುಗಿಯಬೇಕು ಅಂದರೆ ಬೆಳಗಿನ ಲೋಡಿಂಗ್ ನಿಲ್ಲಿಸಬೇಕು. ಎಣಿಸುವಾಗ ಸಾಮಾನು ಓಡಾಡುತ್ತಿದ್ದರೆ ಎಣಿಕೆಗೆ ಅರ್ಥವಿಲ್ಲ. ಅಂದರೆ ಲಾರಿಗಳು ಕಾಯಬೇಕು, ಹಮಾಲರು ಸಂಜೆ ಜಾಸ್ತಿ ಹೊತ್ತು ನಿಲ್ಲಬೇಕು.

ಇದಲ್ಲದೆ ವಿಳಂಬದ ರಿಜಿಸ್ಟರ್‌ನಲ್ಲಿ ಆ ವಾರದ ಮುಂದೆ ‘ಗೋಡೌನ್ ವಿಳಂಬ’ ಅಂತ ಷರಾ ಬಿದ್ದಿತ್ತು. ಗೋಡೌನ್ ಮುಖ್ಯಸ್ಥರು ಆ ಸಹೋದ್ಯೋಗಿಯಿಂದ ಲಿಖಿತ ವಿವರಣೆ ಕೇಳಿದ್ದಾರೆ ಅನ್ನೋದು ಶುಕ್ರವಾರ ಬೆಳಿಗ್ಗೆ ಅವರಿಂದಲೇ ತಿಳಿಯಿತು.

ಅವರಿಗೆ ನಾನು ಫೋನ್ ಮಾಡಿದ್ದು ಎರಡು ಕಾರಣಕ್ಕೆ. ಸೋಮವಾರ ಯಾವ ವಿಳಾಸದಿಂದ ಕಳಿಸಿದರು ಅನ್ನೋದನ್ನು ಅವರ ಬಾಯಿಂದ ಕೇಳಬೇಕಿತ್ತು. ಮತ್ತೆ, ಅವರ ಬಗ್ಗೆ ಒಂದು ಮೇಲ್ ಹೋಗುತ್ತಿದೆ ಅಂತ ಅವರಿಗೆ ಮೊದಲೇ ಗೊತ್ತಿರಬೇಕು ಅನ್ನಿಸಿತು.

“ಪಟ್ಟಿ ಸೋಮವಾರವೇ ಬಂದಿತ್ತು ಸಾರ್, ನನಗೆ ನಿನ್ನೆ ಗೊತ್ತಾಯ್ತು. ಮೇಡಂಗೆ ಇವತ್ತು ಬರೀತಿದ್ದೀನಿ” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆಯ್ತಲ್ಲ ಬಿಡಿ. ಈಗ ಮತ್ತೆ ಯಾಕೆ ಕೆದಕೋದು? ನಾನು ವಿವರಣೆ ಬರೆದು ಕೊಟ್ಟುಬಿಡ್ತೀನಿ” ಅಂದರು.

ಅವರದು ದೊಡ್ಡ ಮನಸ್ಸು, ಅದರಲ್ಲಿ ಅನುಮಾನ ಇಲ್ಲ. ಆದರೆ ಇದು ಅವರೊಬ್ಬರೇ ಬಿಟ್ಟುಕೊಡಬಹುದಾದ ವಿಷಯ ಆಗಿರಲಿಲ್ಲ. 2 ಗಂಟೆಯ ಗಡುವು ಅವರೊಬ್ಬರಿಗೆ ಮಾತ್ರ ಅಲ್ವಲ್ಲ. ಇಡೀ ಗೋಡೌನ್‌ಗೆ. “ನಿಮ್ಮ ವಿವರಣೆ ಇವತ್ತು ಕೊಡಬೇಡಿ, ನನ್ನ ಮೇಲ್ ಹೋಗಲಿ” ಅಂತ ಕೇಳಿಕೊಂಡೆ. ಒಪ್ಪಿದರು.

ಇನ್ನು ಬರೆಯುವ ಕೆಲಸ. ಮೊದಲು ಬರೆದಿದ್ದು ಹೀಗೆ ಶುರುವಾಗಿತ್ತು: “ಮಂಗಳವಾರದ ವರದಿಯ ವಿಷಯದಲ್ಲಿ ಸ್ವಲ್ಪ ಗೊಂದಲ ಉಂಟಾಗಿರುವುದರಿಂದ ಈ ಸ್ಪಷ್ಟನೆ.” ಓದಿ ನೋಡಿದೆ. ಯಾರಿಗೆ ಗೊಂದಲ? ಮೇಡಂಗೆ ಯಾವ ಗೊಂದಲವೂ ಇರಲಿಲ್ಲ. ನಾನು ಹೇಳಿದ್ದನ್ನು ನಂಬಿ ಅವರು ತೀರ್ಮಾನ ತೆಗೆದುಕೊಂಡಿದ್ದರು. ‘ಗೊಂದಲ ಉಂಟಾಗಿದೆ’ ಅಂದರೆ ಓದಿದವರಿಗೇ ಸರಿಯಾಗಿ ಅರ್ಥವಾಗಲಿಲ್ಲ ಅನ್ನುವ ಹಾಗೆ ಕೇಳುತ್ತದೆ. ಅದನ್ನು ತೆಗೆದೆ. ಮುಂದಿನ ಸಾಲಿನಲ್ಲಿ ‘ತಾಂತ್ರಿಕ ಕಾರಣಗಳಿಂದ’ ಅಂತ ಇತ್ತು. ಅದನ್ನೂ ತೆಗೆದೆ. ತಂತ್ರಜ್ಞಾನ ಹೇಳಿದ ಹಾಗೇ ಕೆಲಸ ಮಾಡಿತ್ತು.

ಎರಡನೇ ಸಲ ಬರೆದಿದ್ದರಲ್ಲಿ ಇನ್ನೊಂದು ತೊಂದರೆ ಇತ್ತು. ಅರ್ಧಕ್ಕಿಂತ ಜಾಸ್ತಿ ಬರೀ ಕ್ಷಮೆಯೇ. ತುಂಬಾ ಬೇಜಾರಾಗಿದೆ, ಹೀಗೆ ಆಗಬಾರದಿತ್ತು, ದಯವಿಟ್ಟು ತಪ್ಪು ತಿಳಿಯಬೇಡಿ. ಇಂಥ ಮೇಲ್ ಓದಿದ ಮೇಲಧಿಕಾರಿ ಮೊದಲು ಬರೆದವರನ್ನು ಸಮಾಧಾನ ಮಾಡಬೇಕಾಗುತ್ತದೆ. ಗಡುವಿನ ವಿಷಯ ಆ ಸಮಾಧಾನದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅವರು ಸೋಮವಾರದ ಒಳಗೆ ಒಂದು ನಿರ್ಧಾರ ಬದಲಿಸಬೇಕಿತ್ತು. ಅದಕ್ಕೆ ಏನು ಬೇಕೋ ಅದು ಮೊದಲ ನಾಲ್ಕು ಸಾಲಿನಲ್ಲೇ ಇರಬೇಕು. ಕ್ಷಮೆ ಒಂದು ಸಾಲು ಸಾಕು, ಅದೂ ಯಾರಿಗೆ ಹೇಳಬೇಕೋ ಅವರ ಹೆಸರು ಹಿಡಿದು.

ರೂಲ್‌ನ ಕಥೆಯನ್ನು ಎಷ್ಟು ಹೇಳಬೇಕು ಅನ್ನೋದರ ಬಗ್ಗೆಯೂ ಯೋಚಿಸಿದೆ. ಪೂರ್ತಿ ಬಿಟ್ಟರೆ “ಹಾಗಾದರೆ ಯಾಕೆ ಕಾಣಲಿಲ್ಲ?” ಅಂತ ಅವರು ಕೇಳಿಯೇ ಕೇಳುತ್ತಾರೆ. ಉದ್ದಕ್ಕೆ ಬರೆದರೆ ಹಳೆಯ ಸಬೂಬಿನ ಜಾಗಕ್ಕೆ ಹೊಸ ಸಬೂಬು ತಂದ ಹಾಗೆ. ಒಂದೇ ವಾಕ್ಯಕ್ಕೆ ಇಳಿಸಿದೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಇನ್ನೊಂದು ಅಂಶ. ತಡವಾಗಿದ್ದಕ್ಕೆ ನಿಜವಾದ ಕಾರಣ ಏನು? ಪಟ್ಟಿ ಕೈಗೆ ಸಿಕ್ಕಿದ್ದು 11:40. ವರದಿ ಹೋಗಿದ್ದು 4:15. ನಡುವೆ ಸುಮಾರು ನಾಲ್ಕೂವರೆ ಗಂಟೆ. ಮಾಮೂಲಿ ವಾರದಲ್ಲಿ ಈ ಕೆಲಸಕ್ಕೆ ಎರಡು ಗಂಟೆ ಸಾಕು. ಉಳಿದ ಎರಡೂವರೆ ಗಂಟೆ ಎಲ್ಲಿ ಹೋಯಿತು? ಮೂರು ಸಾಮಾನುಗಳ ಲೆಕ್ಕ ತಾಳೆಯಾಗದೆ ಅಲ್ಲಿಗೆ ಹೋಗಿತ್ತು. ಗೋಡೌನ್‌ನಲ್ಲಿ ಅವನ್ನು ಪೆಟ್ಟಿಗೆ ಲೆಕ್ಕದಲ್ಲಿ ಎಣಿಸಿದ್ದರು. ಕಂಪ್ಯೂಟರ್‌ನಲ್ಲಿ ಅವು ಬಿಡಿ ಲೆಕ್ಕದಲ್ಲಿದ್ದವು. ಒಂದು ಸಾಮಾನಿಗೆ ಪಟ್ಟಿಯಲ್ಲಿ 15 ಅಂತಿತ್ತು, ಕಂಪ್ಯೂಟರ್‌ನಲ್ಲಿ 360. ಪೆಟ್ಟಿಗೆಗೆ 24 ಅಂತ ಗೊತ್ತಾದ ಮೇಲೆ ಎರಡೂ ಒಂದೇ. ಗೊತ್ತಾಗುವ ತನಕ 345 ಸಾಮಾನು ಕಾಣೆಯಾಗಿದೆ ಅಂತ ಹುಡುಕುತ್ತಿದ್ದೆ.

ಈಗ ಲೆಕ್ಕ ಹಾಕಿ ನೋಡಿ. ಸೋಮವಾರ ಸಂಜೆಯೇ ಪಟ್ಟಿ ನನಗೆ ಕಂಡಿದ್ದು, ಮಂಗಳವಾರ ಬೆಳಿಗ್ಗೆ 9ಕ್ಕೆ ಎಂದಿನಂತೆ ಕೆಲಸ ಶುರು ಮಾಡಿದ್ದರೂ, ನಾಲ್ಕೂವರೆ ಗಂಟೆ ಅಂದರೆ 1:30 ಆಗುತ್ತಿತ್ತು. 12ರ ಗಡುವು ಹೇಗೂ ತಪ್ಪುತ್ತಿತ್ತು. ‘ಪಟ್ಟಿ ತಡ’ ಅನ್ನುವ ಒಂದೇ ಕಾರಣ ಎಲ್ಲವನ್ನೂ ವಿವರಿಸುವ ಹಾಗೆ ಕಂಡಿದ್ದರಿಂದ ಈ ಎರಡೂವರೆ ಗಂಟೆಯ ಬಗ್ಗೆ ಯಾರೂ ಕೇಳಲೇ ಇಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಪಟ್ಟಿಯ ಗಡುವನ್ನು 2 ಗಂಟೆಗೆ ತಂದರೂ ಇದು ಮುಂದಿನ ವಾರ ಮತ್ತೆ ಆಗುತ್ತಿತ್ತು.

ಇದನ್ನು ಬರೆಯಲೇಬೇಕು. ಆದರೆ ಬರೆಯುವ ರೀತಿ ತಪ್ಪಿದರೆ, “ನಾನು ನೋಡಿದ್ದರೂ ತಡವಾಗುತ್ತಿತ್ತು ಬಿಡಿ” ಅಂತ ಕೈ ತೊಳೆದುಕೊಂಡ ಹಾಗಾಗುತ್ತದೆ. ಇಲ್ಲವೇ ಪೆಟ್ಟಿಗೆ ಲೆಕ್ಕದಲ್ಲಿ ಎಣಿಸಿದ ಗೋಡೌನ್‌ನವರ ಮೇಲೆ ಎರಡನೇ ಸಲ ಹಾಕಿದ ಹಾಗಾಗುತ್ತದೆ. ಪೆಟ್ಟಿಗೆ ಸರಿಯೋ ಬಿಡಿ ಸರಿಯೋ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಬೇರೆ ಪ್ಯಾರಾ ಮಾಡಿ, ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬರೆದೆ. ಕೊನೆಗೆ ಹೋದ ಮೇಲ್ ಇದು:

“ಮೇಡಂ,

ತಿದ್ದುಪಡಿ: ಎಣಿಕೆ ಪಟ್ಟಿ ಮಂಗಳವಾರ ಬೆಳಿಗ್ಗೆ 11:40ಕ್ಕೆ ಬಂತು ಎಂದು ಈ ಕೆಳಗಿನ ಮೇಲ್‌ನಲ್ಲಿ ಬರೆದಿದ್ದೆ. ಅದು ಸರಿಯಲ್ಲ. ಪಟ್ಟಿ ಸೋಮವಾರ ಸಂಜೆ 4:22ಕ್ಕೆ, ಗಡುವಿನ ಒಳಗೇ ನನಗೆ ತಲುಪಿತ್ತು. ನಾನು ಹಾಕಿದ್ದ ಒಂದು ರೂಲ್‌ನಿಂದ ಅದು ಬೇರೆ ಫೋಲ್ಡರ್‌ಗೆ ಹೋಗಿತ್ತು, ನಾನು ಗುರುವಾರ ನೋಡಿದೆ. 11:40ಕ್ಕೆ ಬಂದಿದ್ದು, ನಾನು ಕೇಳಿದ್ದಕ್ಕೆ ಅವರು ಮತ್ತೊಮ್ಮೆ ಕಳಿಸಿದ ಅದೇ ಪಟ್ಟಿ. ಎರಡೂ ಮೇಲ್ ಲಗತ್ತಿಸಿದ್ದೇನೆ.

ಗೋಡೌನ್ ಕಡೆಯಿಂದ ವಿಳಂಬ ಆಗಿಲ್ಲ. ನನ್ನ ಮೇಲ್ ಆಧಾರದ ಮೇಲೆ ಬುಧವಾರದ ನಡಾವಳಿಯಲ್ಲಿ ಪಟ್ಟಿಯ ಗಡುವು 2 ಗಂಟೆಗೆ ಬದಲಾಗಿದೆ, ಸೋಮವಾರದಿಂದ ಜಾರಿ. ವಿಳಂಬದ ರಿಜಿಸ್ಟರ್‌ನಲ್ಲಿ ಷರಾ ಇದೆ. ಲಿಖಿತ ವಿವರಣೆಯನ್ನೂ ಕೇಳಲಾಗಿದೆ. ಈ ಮೂರನ್ನೂ ಮತ್ತೊಮ್ಮೆ ನೋಡಬೇಕೆಂದು ಕೋರುತ್ತೇನೆ.

ಇದರ ಜೊತೆ ಇನ್ನೊಂದು ವಿಷಯ. ಪಟ್ಟಿ ಸಿಕ್ಕ ಮೇಲೂ ವರದಿಗೆ ನಾಲ್ಕೂವರೆ ಗಂಟೆ ಹಿಡಿಯಿತು, ಮಾಮೂಲಿಗಿಂತ ಎರಡೂವರೆ ಗಂಟೆ ಜಾಸ್ತಿ. ಮೂರು ಸಾಮಾನುಗಳು ಪಟ್ಟಿಯಲ್ಲಿ ಪೆಟ್ಟಿಗೆ ಲೆಕ್ಕದಲ್ಲೂ ಕಂಪ್ಯೂಟರ್‌ನಲ್ಲಿ ಬಿಡಿ ಲೆಕ್ಕದಲ್ಲೂ ಇದ್ದವು. ಯಾವುದು ಸರಿ ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಇದನ್ನು ಮೊದಲ ಮೇಲ್‌ನಲ್ಲೇ ಹೇಳಬೇಕಿತ್ತು.

ರೂಲ್ ತೆಗೆದಿದ್ದೇನೆ. ಗೋಡೌನ್‌ನ ಸಹೋದ್ಯೋಗಿಯವರನ್ನು ಈ ಮೇಲ್‌ಗೆ ಸೇರಿಸಿದ್ದೇನೆ. ನನ್ನ ಮಾತಿನಿಂದ ಅವರಿಗೆ ಆದ ತೊಂದರೆಗೆ ಅವರ ಕ್ಷಮೆ ಕೇಳುತ್ತೇನೆ.”

ಕಳಿಸುವಾಗ ಕೆಲವು ಸಣ್ಣ ವಿಷಯ ಯೋಚಿಸಿದ್ದೆ. ಹೊಸ ಮೇಲ್ ಮಾಡಲಿಲ್ಲ, ಮಂಗಳವಾರದ ನನ್ನ ಉತ್ತರಕ್ಕೇ ಎಲ್ಲರಿಗೂ ಹೋಗುವಂತೆ ಮರು ಉತ್ತರ ಕೊಟ್ಟೆ. ತಪ್ಪು ಮಾತು ಯಾರ್‍ಯಾರಿಗೆ ಹೋಗಿತ್ತೋ ಸರಿಯಾದದ್ದೂ ಅವರೆಲ್ಲರಿಗೆ ಹೋಗಬೇಕು. ಮೇಡಂ ಒಬ್ಬರಿಗೇ ಬರೆದಿದ್ದರೆ ಖರೀದಿ ಮುಖ್ಯಸ್ಥರ ತಲೆಯಲ್ಲಿ ಹಳೆಯದೇ ಉಳಿಯುತ್ತಿತ್ತು. ವಿಷಯದ ಸಾಲನ್ನೂ ಬದಲಿಸಲಿಲ್ಲ. ಬದಲಿಸಿದರೆ ಎಷ್ಟೋ ಕಡೆ ಅದು ಬೇರೆ ಸಂಭಾಷಣೆಯಾಗಿ ತೆರೆದುಕೊಳ್ಳುತ್ತದೆ. ಆರು ತಿಂಗಳು ಬಿಟ್ಟು ಯಾರೋ ಹಳೆಯ ಮೇಲ್ ತೆರೆದರೆ ತಿದ್ದುಪಡಿ ಅಲ್ಲೇ ಕಾಣಬೇಕು. ಅದಕ್ಕೇ ‘ತಿದ್ದುಪಡಿ’ ಅನ್ನೋದನ್ನು ಒಳಗೆ, ಮೊದಲ ಸಾಲಲ್ಲಿ ಹಾಕಿದೆ. ಸಹೋದ್ಯೋಗಿಯ ಎರಡು ಮೇಲ್‌ಗಳನ್ನೂ ಚಿತ್ರ ತೆಗೆದು ಹಾಕದೆ ಮೇಲ್‌ಗಳಾಗಿಯೇ ಲಗತ್ತಿಸಿದೆ. ಹಾಗೆ ಮಾಡಿದರೆ ಹೆಡರ್ ಉಳಿಯುತ್ತದೆ. ಬೇಕಾದವರು ತೆರೆದು ನೋಡಬಹುದು.

ಕಳಿಸುವ ಮುಂಚೆ ಮೇಡಂಗೆ ಫೋನ್ ಮಾಡಿದೆ. ಇನ್ನಿಬ್ಬರು ಮುಖ್ಯಸ್ಥರ ಜೊತೆಗೇ ಅವರಿಗೂ ಇದು ಹೊಸ ಸುದ್ದಿಯಾಗಬಾರದು. ಅವರೇ ತೆಗೆದುಕೊಂಡ ತೀರ್ಮಾನದ ವಿಷಯ ಅಲ್ವಾ. ಒಂದು ನಿಮಿಷದ ಮಾತು ಅಷ್ಟೇ. “ಮೇಡಂ, ಮಂಗಳವಾರ ನಾನು ಹೇಳಿದ ಕಾರಣ ತಪ್ಪು. ಪಟ್ಟಿ ಸೋಮವಾರವೇ ಬಂದಿತ್ತು. ಪರಿಶೀಲಿಸಿದ್ದೀನಿ. ಎಲ್ಲರಿಗೂ ಈಗ ಮೇಲ್ ಕಳಿಸ್ತಾ ಇದ್ದೀನಿ.”

“ಖಚಿತಾನಾ?” ಅಂದರು.

“ಹೌದು ಮೇಡಂ. ಸರ್ವರ್ ಸಮಯ ನೋಡಿದ್ದೀನಿ. ಎರಡೂ ಪಟ್ಟಿ ಒಂದೇ.”

“ಕಳಿಸಿ.”

ಒಂದು ವೇಳೆ ಪರಿಶೀಲನೆ ಮುಗಿಯಲು ಸೋಮವಾರ ದಾಟುವ ಹಾಗಿದ್ದರೆ ಏನು ಮಾಡುತ್ತಿದ್ದೆ? ಅದನ್ನೂ ಯೋಚಿಸಿದ್ದೆ. ಆಗ ಎರಡು ಸಾಲಿನ ಮೇಲ್ ಶುಕ್ರವಾರವೇ ಕಳಿಸುತ್ತಿದ್ದೆ: “ಮಂಗಳವಾರ ನಾನು ಹೇಳಿದ ಕಾರಣ ಸರಿಯಿದೆಯೇ ಎಂಬ ಅನುಮಾನ ಬಂದಿದೆ, ಪರಿಶೀಲಿಸುತ್ತಿದ್ದೇನೆ. ಅಲ್ಲಿಯವರೆಗೆ ಅದರ ಆಧಾರದ ಮೇಲೆ ಗಡುವು ಬದಲಿಸುವುದು ಬೇಡ ಎಂದು ಕೋರುತ್ತೇನೆ.” ಪೂರ್ತಿ ಖಚಿತವಾಗಲಿ ಅಂತ ಕಾಯುತ್ತಾ, ಆ ತಪ್ಪು ಕಾರಣದ ಮೇಲೆ ಕೆಲಸ ಶುರುವಾಗಲು ಬಿಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಮಧ್ಯಾಹ್ನದೊಳಗೆ ಮೇಡಂ ಉತ್ತರ ಬಂತು. ರೂಲ್ ಬಗ್ಗೆ ಒಂದು ಮಾತೂ ಇರಲಿಲ್ಲ. ಗಡುವು 5 ಗಂಟೆಯೇ ಇರಲಿ, ವಿವರಣೆ ಬೇಕಿಲ್ಲ ಅಂತ ಮೊದಲ ಎರಡು ಸಾಲು. ಉಳಿದಿದ್ದೆಲ್ಲ ಪ್ರಶ್ನೆಗಳು, ಎಲ್ಲವೂ ಆ ಮೂರು ಸಾಮಾನುಗಳ ಬಗ್ಗೆ. ಯಾವಾಗಿನಿಂದ ಹೀಗಿದೆ? ಹಿಂದಿನ ವಾರಗಳ ವರದಿಯಲ್ಲಿ ಅವು ಹೇಗೆ ಹೋಗಿವೆ? ಖರೀದಿಯವರು ಅದನ್ನು ನೋಡಿ ಜಾಸ್ತಿ ಆರ್ಡರ್ ಹಾಕಿದ್ದಾರಾ?

ಹಳೆಯ ವರದಿಗಳನ್ನು ತೆಗೆದು ನೋಡಿದೆ. ಮೂರೂ ಸಾಮಾನು ಹಿಂದಿನ ವಾರದವರೆಗೆ ಬಿಡಿ ಲೆಕ್ಕದಲ್ಲೇ ಸರಿಯಾಗಿ ಬಂದಿದ್ದವು. ಸಾಫ್ಟ್‌ವೇರ್‌ನಿಂದ ನೇರವಾಗಿ ಕಳಿಸಲು ಶುರು ಮಾಡಿದ್ದೇ ಆ ವಾರ. ಕೈಯಲ್ಲಿ ಪಟ್ಟಿ ಮಾಡುವಾಗ ಸಹೋದ್ಯೋಗಿ ಪೆಟ್ಟಿಗೆಯನ್ನು ಬಿಡಿಗೆ ಪರಿವರ್ತಿಸಿ ಬರೆಯುತ್ತಿದ್ದರು. ಸಾಫ್ಟ್‌ವೇರ್ ಅದನ್ನು ಮಾಡದೆ ಎಣಿಸಿದ ಅಂಕಿಯನ್ನೇ ಕಳಿಸಿತ್ತು. ಮೇಲ್ ಕಾಣದೆ ಹೋಗಿದ್ದಕ್ಕೂ ಲೆಕ್ಕ ತಾಳೆಯಾಗದೆ ಹೋಗಿದ್ದಕ್ಕೂ ಮೂಲ ಒಂದೇ ಬದಲಾವಣೆ. ಅದು ನನಗೆ ಹೊಳೆದಿದ್ದು ಮೇಡಂ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ.

ಮುಂದಿನ ಬುಧವಾರದ ಮೀಟಿಂಗ್‌ನಲ್ಲಿ ಮೇಡಂ ಇದನ್ನು ಬಾಯಲ್ಲೇ ಹೇಳಿದರು. ಹಿಂದಿನ ನಡಾವಳಿಯನ್ನು ಅಳಿಸಿ ಬರೆಯಲಿಲ್ಲ. ಹೊಸ ನಡಾವಳಿಯಲ್ಲಿ “ಕಳೆದ ಸಭೆಯ ಈ ಅಂಶ ತಪ್ಪು ಮಾಹಿತಿ ಆಧರಿಸಿತ್ತು, ಹಿಂಪಡೆಯಲಾಗಿದೆ” ಅಂತ ಸೇರಿಸಿದರು. ರಿಜಿಸ್ಟರ್‌ನಲ್ಲೂ ಹಾಗೆಯೇ. ದಾಖಲೆ ಪುಸ್ತಕದಲ್ಲಿ ತಿದ್ದುವಾಗ ಬಿಳಿ ಬಣ್ಣ ಹಚ್ಚುವ ಹಾಗಿಲ್ಲ. ಹಳೆಯದು ಓದಲು ಬರುವ ಹಾಗೆ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ‘ಗೋಡೌನ್ ವಿಳಂಬ’ ಅನ್ನೋದರ ಮೇಲೆ ಗೆರೆ ಬಿತ್ತು. ಪಕ್ಕದಲ್ಲಿ “ಪಟ್ಟಿ ಸಮಯಕ್ಕೆ ಬಂದಿತ್ತು, ನೋಡಿದ್ದು ತಡ, ಅಳತೆ ವ್ಯತ್ಯಾಸ” ಅಂತ ಬರೆದು ಸಹಿ ಮಾಡಿದೆ.

ಮೇಲ್‌ನಿಂದ ಸರಿಯಾಗದ್ದೂ ಇತ್ತು. ನನ್ನ ಮೊದಲ ಉತ್ತರ ಹೋದ ಮರುದಿನ, ಬುಧವಾರ, ಗೋಡೌನ್ ಮುಖ್ಯಸ್ಥರು ಆ ಸಹೋದ್ಯೋಗಿಗೆ ಲೋಡಿಂಗ್ ಜಾಗದಲ್ಲೇ, ಎಲ್ಲರ ಎದುರು ಗಟ್ಟಿಯಾಗಿ ಮಾತಾಡಿದ್ದರಂತೆ. ಅಲ್ಲಿ ನಿಂತು ಕೇಳಿದ ಹಮಾಲರಿಗೆ ನಮ್ಮ ಮೇಲ್ ಬರುವುದಿಲ್ಲ. ನಡಾವಳಿಯನ್ನು ಅವರು ಓದುವುದಿಲ್ಲ. ಇದನ್ನು ನಾನು ಮುಖ್ಯಸ್ಥರಿಗೆ ಹೇಳಿದೆ. ಹೇಳುವುದು ಸುಲಭ ಇರಲಿಲ್ಲ, ಅವರು ಗಟ್ಟಿಯಾಗಿ ಮಾತಾಡಿದ್ದಕ್ಕೆ ಆಧಾರ ನನ್ನ ಮೇಲ್ ಆಗಿತ್ತು. ಸೋಮವಾರ ಎಣಿಕೆ ಶುರುವಾಗುವ ಮುಂಚೆ ಅವರು ಅದೇ ಜಾಗದಲ್ಲಿ, ಅದೇ ಜನರ ಮುಂದೆ, ಪಟ್ಟಿ ಸಮಯಕ್ಕೆ ಹೋಗಿತ್ತು ಅಂತ ಹೇಳಿದರು ಅಂತ ಆಮೇಲೆ ಸಹೋದ್ಯೋಗಿ ತಿಳಿಸಿದರು.

ಪಟ್ಟಿಯಲ್ಲಿ ಈಗ ಅಂಕಿಯ ಪಕ್ಕ ‘ಪೆಟ್ಟಿಗೆ’ ಅಥವಾ ‘ಬಿಡಿ’ ಅನ್ನುವ ಕಾಲಂ ಇದೆ. ಅದು ಖಾಲಿ ಇದ್ದರೆ ಸಾಫ್ಟ್‌ವೇರ್ ಪಟ್ಟಿ ಕಳಿಸಲು ಬಿಡುವುದಿಲ್ಲ. ಸೋಮವಾರ ಸಂಜೆ ಪಟ್ಟಿ ಸಿಕ್ಕ ತಕ್ಷಣ ನಾನು “ಸಿಕ್ಕಿತು” ಅಂತ ಸಹೋದ್ಯೋಗಿಗೆ ಒಂದು ಸಾಲು ಬರೆಯುತ್ತೇನೆ. 5:15ರ ತನಕ ಆ ಸಾಲು ಬರದಿದ್ದರೆ ಅವರೇ ಫೋನ್ ಮಾಡುತ್ತಾರೆ.